ರಾತ್ರಿ ಮಾತ್ರೆ, ಬೆಳಗಿನ ಮಾತ್ರೆ ಮತ್ತು ತೊಡೆನೋವು: ಒಂದು ಸ್ಟ್ಯಾಟಿನ್ ಪ್ರಕರಣ

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಾಗ ಹೆಚ್ಚಿನವರು ಎರಡು ವಿಷಯ ಕೇಳುತ್ತಾರೆ. ಯಾವ ಹೊತ್ತಿಗೆ ನುಂಗಬೇಕು? ಮೈಕೈ ನೋವು ಬರುತ್ತದಂತೆ, ನಿಜವೇ? ಎರಡಕ್ಕೂ ನಾನು ವರ್ಷಗಟ್ಟಲೆ ಒಂದೊಂದು ವಾಕ್ಯದ ಉತ್ತರ ಕೊಟ್ಟು ಕಳಿಸುತ್ತಿದ್ದೆ. ಆ ಎರಡೂ ಉತ್ತರಗಳು ಒಬ್ಬರ ವಿಷಯದಲ್ಲಿ ಹೇಗೆ ಒಂದಕ್ಕೊಂದು ತೊಡರಿಕೊಂಡು ತೊಂದರೆ ತಂದವು ಎಂಬುದು ಈ ಪ್ರಕರಣ. ಗುರುತು ಸಿಗದಂತೆ ಅವರ ಬದುಕಿನ ವಿವರಗಳನ್ನು ಬದಲಿಸಿದ್ದೇನೆ. ಪ್ರಮಾಣ ಏರಿಸಿದ ತಪ್ಪು ನನ್ನದೇ, ಅದನ್ನು ಬದಲಿಸಿಲ್ಲ.

ಹಿನ್ನೆಲೆ

ಅವರಿಗೆ 61 ವರ್ಷ, ನಿವೃತ್ತ ಶಿಕ್ಷಕಿ. ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಅದಕ್ಕೆ ಮೆಟ್‌ಫಾರ್ಮಿನ್. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ 5 ಮಿ.ಗ್ರಾಂ. ಎರಡನ್ನೂ ಬೆಳಗಿನ ತಿಂಡಿಯ ಜೊತೆಗೇ ಮುಗಿಸಿಬಿಡುತ್ತಿದ್ದರು, ತಪ್ಪಿದ್ದೇ ಇಲ್ಲ. ಹೃದಯದ ತೊಂದರೆ ಯಾವತ್ತೂ ಆಗಿರಲಿಲ್ಲ. ಆದರೆ ಸಕ್ಕರೆ ಕಾಯಿಲೆ ಇರುವ ಈ ವಯಸ್ಸಿನವರಿಗೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 168 ಇದ್ದರೆ ಸುಮ್ಮನೆ ಬಿಡುವಂತಿಲ್ಲ. ಸಿಂವಾಸ್ಟ್ಯಾಟಿನ್ 20 ಮಿ.ಗ್ರಾಂ ಬರೆದೆ. ಚೀಟಿಯ ಮೇಲೆ ‘ರಾತ್ರಿ ಮಲಗುವ ಮುಂಚೆ’ ಎಂದು ಸೇರಿಸಿದೆ.

ರಾತ್ರಿಯೇ ಏಕೆ ಎಂದು ಅವರು ಕೇಳಿದರು. ಕಾರಣ ಇದೆ. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ದೊಡ್ಡ ಪಾಲು ನಾವು ತಿಂದದ್ದಲ್ಲ, ಯಕೃತ್ತು ತಾನೇ ತಯಾರಿಸಿದ್ದು. ಆ ತಯಾರಿಕೆ ನಾವು ನಿದ್ದೆ ಮಾಡುವ ಹೊತ್ತಿನಲ್ಲಿ, ನಡುರಾತ್ರಿಯ ಆಸುಪಾಸಿನಲ್ಲಿ, ಹೆಚ್ಚು ಜೋರಾಗಿರುತ್ತದೆ. ಅದಕ್ಕೆ ಬೇಕಾದ ಮುಖ್ಯ ಕಿಣ್ವವನ್ನು ಸ್ಟ್ಯಾಟಿನ್ ತಡೆಹಿಡಿಯುತ್ತದೆ. ಸಿಂವಾಸ್ಟ್ಯಾಟಿನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವ ಮಾತ್ರೆಯಲ್ಲ. ಎರಡು ಮೂರು ಗಂಟೆಗೊಮ್ಮೆ ರಕ್ತದಲ್ಲಿನ ಅದರ ಮಟ್ಟ ಅರ್ಧಕ್ಕೆ ಇಳಿಯುತ್ತದೆ. ಬೆಳಗ್ಗೆ ಎಂಟಕ್ಕೆ ನುಂಗಿದರೆ ಯಕೃತ್ತು ಕೆಲಸಕ್ಕೆ ಇಳಿಯುವ ಹೊತ್ತಿಗೆ ತಡೆಯುವವನು ಮನೆಗೆ ಹೋಗಿರುತ್ತಾನೆ. ಅಳೆದು ನೋಡಿದವರೂ ಇದ್ದಾರೆ. 2003ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ರಾತ್ರಿ ಸಿಂವಾಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದ ಕೆಲವರನ್ನು ಬೆಳಗಿನ ಹೊತ್ತಿಗೆ ಬದಲಿಸಿದಾಗ ಅವರ ಎಲ್‌ಡಿಎಲ್ ಸುಮಾರು 10 ಮಿ.ಗ್ರಾಂನಷ್ಟು ಮೇಲೇರಿತ್ತು.

ಹಾಗಾಗಿ ‘ರಾತ್ರಿ’ ಎಂದು ಬರೆದದ್ದು ತಪ್ಪಲ್ಲ. ಆದರೆ ಆ ಒಂದು ಪದ ಬರೆಯುವಾಗ ಟೀಚರ್ ರಾತ್ರಿ ಹೇಗೆ ಮಲಗುತ್ತಾರೆ ಎಂದು ನಾನು ಕೇಳಲಿಲ್ಲ.

ತೊಂದರೆ ಹುಟ್ಟಿದ್ದು ಎಲ್ಲಿ

ಹನ್ನೆರಡು ವಾರದ ನಂತರ ಬಂದಾಗ ಎಲ್‌ಡಿಎಲ್ 142. ‘ಮಾತ್ರೆ ದಿನಾ ತಗೊಳ್ತಿದ್ದೀರಲ್ವಾ ಟೀಚರ್?’ ಎಂದೆ. ‘ಹೂಂ ಡಾಕ್ಟ್ರೇ’ ಎಂದರು. ಮಾತ್ರೆ ಸಾಲದು ಎಂದು ತೀರ್ಮಾನಿಸಿ ಸಿಂವಾಸ್ಟ್ಯಾಟಿನ್ 40 ಮಿ.ಗ್ರಾಂಗೆ ಏರಿಸಿದೆ. ಇಡೀ ಭೇಟಿ ನಾಲ್ಕು ನಿಮಿಷ ಹಿಡಿದಿರಬಹುದು.

ಆ ನಾಲ್ಕು ನಿಮಿಷದಲ್ಲಿ ಎರಡು ತಪ್ಪು ನಡೆದವು.

ಮೊದಲನೆಯದು ಲೆಕ್ಕದ್ದು. ಸಿಂವಾಸ್ಟ್ಯಾಟಿನ್ 20 ಮಿ.ಗ್ರಾಂ ದಿನವೂ ಹೊಟ್ಟೆಗೆ ಹೋದರೆ ಎಲ್‌ಡಿಎಲ್ ಸಾಧಾರಣವಾಗಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯಬೇಕು. 168 ಇದ್ದದ್ದು 105ರ ಸುತ್ತಮುತ್ತ ಬರಬೇಕಿತ್ತು. ಬಂದದ್ದು 142, ಅಂದರೆ ಬರೀ ಶೇ. 15 ಇಳಿಕೆ. ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಇರುತ್ತದೆ, ನಿಜ. ಆದರೆ ಇಷ್ಟು ದೊಡ್ಡ ಕೊರತೆ ಕಂಡಾಗ ಮೊದಲು ಅನುಮಾನ ಪಡಬೇಕಾದದ್ದು ಮಾತ್ರೆಯ ಶಕ್ತಿಯನ್ನಲ್ಲ, ಮಾತ್ರೆ ಬಾಯಿಗೆ ಹೋಗುತ್ತಿದೆಯೇ ಎಂಬುದನ್ನು. ಅದಲ್ಲದೆ ಸ್ಟ್ಯಾಟಿನ್ ಪ್ರಮಾಣವನ್ನು ಎರಡು ಪಟ್ಟು ಮಾಡಿದರೂ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಶೇ. 6ರಷ್ಟು ಮಾತ್ರ. 142ನ್ನು 100ರ ಹತ್ತಿರ ತರಲು ಆ ಏರಿಕೆ ಸಾಲುವಂತೆಯೇ ಇರಲಿಲ್ಲ. ಆ ಲೆಕ್ಕ ನನಗೆ ಗೊತ್ತಿತ್ತು, ಆ ದಿನ ಹಾಕಲಿಲ್ಲ.

ಎರಡನೆಯದು ಜೋಡಿ ಮಾತ್ರೆಯದು. ಅಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ ಸಿಂವಾಸ್ಟ್ಯಾಟಿನ್ ದಿನಕ್ಕೆ 20 ಮಿ.ಗ್ರಾಂ ದಾಟಬಾರದು. ಎರಡನ್ನೂ ಕರಗಿಸುವುದು ಯಕೃತ್ತಿನ ಒಂದೇ ಕಿಣ್ವ. ಅಮ್ಲೋಡಿಪಿನ್ ಅಲ್ಲಿ ಜಾಗ ಹಿಡಿದು ಕೂತರೆ ಸಿಂವಾಸ್ಟ್ಯಾಟಿನ್ ಕರಗುವುದು ನಿಧಾನವಾಗಿ ರಕ್ತದಲ್ಲಿ ಅದರ ಮಟ್ಟ ಒಂದೂವರೆ ಪಟ್ಟಿಗಿಂತ ಮೇಲೇರುತ್ತದೆ. ಅವರ ಹಳೆಯ ಚೀಟಿ ಮೇಜಿನ ಮೇಲೇ ಇತ್ತು. ನಾನು ಕೊನೆಯ ಸಾಲು ಮಾತ್ರ ತಿದ್ದಿದೆ, ಮೇಲಿನ ಸಾಲು ಓದಲಿಲ್ಲ.

ಇನ್ನು ‘ಹೂಂ’ ಎಂಬ ಆ ಉತ್ತರ. ಟೀಚರ್ ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ‘ತಗೊಳ್ತಿದ್ದೀರಲ್ವಾ’ ಎಂಬ ಪ್ರಶ್ನೆಯ ಒಳಗೇ ಉತ್ತರ ಇತ್ತು. ಅದಕ್ಕೆ ಇಲ್ಲ ಎನ್ನಲು ಸಂಕೋಚ ಬಿಡಬೇಕು. ನಿಜ ಸಂಗತಿ ನಮಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ, ಮಗಳ ಬಾಯಿಂದ. ರಾತ್ರಿ ಪುಸ್ತಕ ಹಿಡಿದು ಕುರ್ಚಿಯಲ್ಲೇ ತೂಕಡಿಸುವುದು, ನಡುರಾತ್ರಿ ಎದ್ದು ಹಾಸಿಗೆಗೆ ಹೋಗುವುದು ಅವರ ಅಭ್ಯಾಸ. ಮಲಗುವ ಮುಂಚೆ ಎಂಬ ಹೊತ್ತೇ ಅವರ ದಿನದಲ್ಲಿ ಇರಲಿಲ್ಲ. ಹನ್ನೆರಡು ವಾರಕ್ಕೆ 84 ಮಾತ್ರೆ ಬೇಕು. ಡ್ರಾಯರಿನಲ್ಲಿ 51 ಉಳಿದಿದ್ದವು.

ಏರಿಸಿದ ಮೇಲೆ

ಪ್ರಮಾಣ ಏರಿಸಿದ ಅದೇ ವಾರ ಮಗಳು ಬಂದು ತಾಯಿಯ ಜೊತೆ ಕೆಲವು ತಿಂಗಳು ಇದ್ದರು. ಡ್ರಾಯರಿನ ಸ್ಟ್ರಿಪ್‌ಗಳನ್ನು ನೋಡಿ ಗಾಬರಿಯಾದರು. ಹಳೆಯದನ್ನು ಎಸೆದು, ಹೊಸ 40ರ ಮಾತ್ರೆಗೆ ಫೋನಿನಲ್ಲಿ ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟರು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಒಳ್ಳೆಯ ಮಗಳು ಮಾಡಬೇಕಾದದ್ದನ್ನೇ ಮಾಡಿದರು.

ಈಗ ಲೆಕ್ಕ ನೋಡಿ. 84 ದಿನದಲ್ಲಿ 33 ಮಾತ್ರೆ ಎಂದರೆ ಟೀಚರ್ ಅಲ್ಲಿಯವರೆಗೆ ಸರಾಸರಿ ದಿನಕ್ಕೆ 8 ಮಿ.ಗ್ರಾಂ ತೆಗೆದುಕೊಂಡಂತಾಯಿತು. ನನ್ನ ಚೀಟಿಯ ಪ್ರಕಾರ ಪ್ರಮಾಣ 20ರಿಂದ 40ಕ್ಕೆ ಏರಿತ್ತು. ಅವರ ಸ್ನಾಯುಗಳ ಪಾಲಿಗೆ ಅದು 8ರಿಂದ 40ಕ್ಕೆ, ಐದು ಪಟ್ಟು. ಅದರ ಮೇಲೆ ಅಮ್ಲೋಡಿಪಿನ್ ಬೇರೆ.

ನಾಲ್ಕನೆಯ ವಾರ ತೊಡೆಗಳಲ್ಲಿ ನೋವು ಶುರುವಾಯಿತು. ಎರಡೂ ತೊಡೆ, ಮುಂಭಾಗ. ಚುಚ್ಚುವ ನೋವಲ್ಲ, ಬೆಟ್ಟ ಹತ್ತಿ ಇಳಿದ ಮರುದಿನ ಇರುತ್ತದಲ್ಲ, ಅಂಥ ಭಾರ. ಬೆಟ್ಟ ಮಾತ್ರ ಹತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡರು. ಪರಿಚಿತರೊಬ್ಬರು, ‘ರಾತ್ರಿ ನುಂಗಿದ ಮಾತ್ರೆ ಮಲಗಿದಾಗ ಕಾಲಿಗೆ ಇಳಿಯುತ್ತದೆ, ಬೆಳಗ್ಗೆ ನುಂಗಿ ಓಡಾಡಿದರೆ ಸರಿಹೋಗುತ್ತದೆ’ ಎಂದರಂತೆ. ಟೀಚರ್ ಮಗಳಿಗೆ ಹೇಳಿ ಅಲಾರಂ ಬೆಳಗ್ಗೆ ಎಂಟಕ್ಕೆ ಬದಲಿಸಿಕೊಂಡರು. ಹತ್ತು ದಿನ ಕಾದರು. ನೋವು ಹಾಗೇ ಇತ್ತು, ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ತಗ್ಗಿನ ಕುರ್ಚಿಯಿಂದ ಏಳಬೇಕಾದರೆ ಕೈಯೂರಬೇಕು. ಮೇಲಿನ ಕಪಾಟಿನಲ್ಲಿ ಪುಸ್ತಕ ಇಡಲು ಕೈ ಎತ್ತಿದರೆ ತೋಳು ಸೋಲುತ್ತಿತ್ತು.

ಆರನೆಯ ವಾರ ನನಗೆ ಫೋನ್ ಬಂತು. ತೊಡೆನೋವಿನ ದೂರು ಹೇಳಲಲ್ಲ. ‘ಡಾಕ್ಟ್ರೇ, ಕೊಲೆಸ್ಟ್ರಾಲ್ ಮಾತ್ರೆ ಬೆಳಗ್ಗೆಗೆ ಮಾಡ್ಕೊಂಡಿದ್ದೀನಿ, ಪರವಾಗಿಲ್ವಾ?’ ಎಂದು ಕೇಳಲು.

ಪರವಾಗಿಲ್ಲ, ಆದರೆ ಈ ಮಾತ್ರೆ ರಾತ್ರಿಯದ್ದೇ ಒಳ್ಳೆಯದು ಎಂದು ಹೇಳಿ ಇಟ್ಟುಬಿಡುತ್ತಿದ್ದೆ. ಯಾಕೋ ‘ಯಾಕೆ ಬದಲಿಸಿದಿರಿ?’ ಎಂದೆ. ಪ್ರಕರಣ ತಿರುಗಿದ್ದು ಅಲ್ಲಿ.

ಪರೀಕ್ಷಿಸಿದ್ದು

ಆ ಸಂಜೆಯೇ ಕರೆಸಿಕೊಂಡೆ. ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಅವರು ಒಳಗೆ ಬರುವವರೆಗೂ ಇದು ಮಾತ್ರೆಯಿಂದ ಬಂದದ್ದಲ್ಲ ಎಂಬ ಕಡೆಗೇ ನನ್ನ ಮನಸ್ಸು ವಾಲಿತ್ತು. ಅದಕ್ಕೆ ಆಧಾರವೂ ಇತ್ತು. 2020ರಲ್ಲಿ ಪ್ರಕಟವಾದ ಸ್ಯಾಮ್‌ಸನ್ ಎಂಬ ಪ್ರಯೋಗದಲ್ಲಿ, ಅಡ್ಡಪರಿಣಾಮ ತಾಳಲಾರದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವಿಲ್ಲದ ಹುಸಿಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ಬಿಟ್ಟು, ತಮ್ಮ ತೊಂದರೆಗೆ ದಿನವೂ ನೂರಕ್ಕೆ ಎಷ್ಟು ಎಂದು ಅಂಕ ಹಾಕಿಸಿದರು. ಮಾತ್ರೆಯೇ ಇಲ್ಲದ ತಿಂಗಳಲ್ಲಿ ಸರಾಸರಿ 8. ಹುಸಿಮಾತ್ರೆಯ ತಿಂಗಳಲ್ಲಿ 15.4. ಸ್ಟ್ಯಾಟಿನ್ ತಿಂಗಳಲ್ಲಿ 16.3. ಅಂದರೆ ತೊಂದರೆ ನಿಜ, ಆದರೆ ಅದರ ಬಹುಪಾಲು ಬಂದದ್ದು ಮಾತ್ರೆ ನುಂಗುತ್ತಿದ್ದೇನೆ ಎಂಬ ಅಂಜಿಕೆಯಿಂದ, ಒಳಗಿನ ಔಷಧದಿಂದಲ್ಲ. ಇದನ್ನು ಓದಿದ ವೈದ್ಯನಿಗೆ ಪ್ರತಿ ಮೈಕೈ ನೋವನ್ನೂ ‘ಮಾತ್ರೆಯದ್ದಲ್ಲ ಬಿಡಿ’ ಎನ್ನುವ ಚಟ ಹತ್ತುವುದು ಸುಲಭ. ಸರಾಸರಿಯ ಸತ್ಯ ಎದುರಿಗೆ ಕೂತ ಒಬ್ಬರ ಸತ್ಯ ಆಗಬೇಕಿಲ್ಲ ಎಂಬುದು ಆಮೇಲೆ ನೆನಪಾಗುತ್ತದೆ.

ಟೀಚರ್ ಹೇಳಿದ್ದರಲ್ಲಿ ನಾಲ್ಕು ಸಂಗತಿ ಒಂದೇ ದಿಕ್ಕಿಗೆ ಬೆರಳು ಮಾಡುತ್ತಿದ್ದವು. ನೋವು ಎರಡೂ ಬದಿಗೆ ಸಮನಾಗಿತ್ತು. ದೊಡ್ಡ ಸ್ನಾಯುಗಳಲ್ಲಿತ್ತು: ತೊಡೆ, ಸೊಂಟದ ಸುತ್ತ, ಭುಜ. ಪ್ರಮಾಣ ಬದಲಾದ ನಾಲ್ಕನೆಯ ವಾರ ಶುರುವಾಗಿತ್ತು; ಸ್ಟ್ಯಾಟಿನ್ ತರುವ ಸ್ನಾಯು ತೊಂದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಶುರುಮಾಡಿದ ಅಥವಾ ಏರಿಸಿದ ಮೊದಲ ಕೆಲವು ವಾರಗಳಲ್ಲೇ. ನಾಲ್ಕನೆಯದು ನನ್ನನ್ನು ನೆಟ್ಟಗೆ ಕೂರಿಸಿದ್ದು. ನೋವಿನ ಜೊತೆ ಬಲ ಕುಂದಿತ್ತು. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಿ ಎಂದೆ. ಎರಡನೆಯ ಸಲಕ್ಕೇ ಹಿಂದಕ್ಕೆ ಕುಸಿದರು. ನೋವಾಗಿ ನಿಲ್ಲಿಸಿದಿರಾ, ಏಳಲು ಆಗದೆಯೇ ಎಂದು ಕೇಳಿದೆ. ‘ನೋವು ತಡ್ಕೋಬಹುದು, ಕಾಲೇ ಎತ್ತಲ್ಲ’ ಎಂದರು. ನೋವು ಎಲ್ಲರಿಗೂ ನೂರು ಕಾರಣಕ್ಕೆ ಬರುತ್ತದೆ. ಏಳಲಾಗದಿರುವುದು ಬೇರೆಯೇ ಮಾತು.

ಮೂತ್ರದ ಬಣ್ಣ ಕೇಳಿದೆ. ಮಾಮೂಲಿನಂತೆಯೇ ಇತ್ತು. ಇತ್ತೀಚೆಗೆ ಜ್ವರ, ಭಾರಿ ವ್ಯಾಯಾಮ, ಬಿದ್ದದ್ದು, ಸೊಂಟಕ್ಕೆ ಇಂಜೆಕ್ಷನ್ ತೆಗೆದುಕೊಂಡದ್ದು ಯಾವುದೂ ಇಲ್ಲ. ಇದನ್ನೆಲ್ಲ ಕೇಳಿದ್ದು ಸಿಕೆ ಪರೀಕ್ಷೆಗೆ ರಕ್ತ ಕಳಿಸುವುದಿತ್ತು ಎಂದು. ಸಿಕೆ ಎಂಬುದು ಸ್ನಾಯುಕೋಶದ ಒಳಗಿರುವ ಕಿಣ್ವ. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಪೆಟ್ಟು ಮಾತ್ರೆಯದ್ದೋ, ಮೂಟೆ ಹೊತ್ತದ್ದೋ, ಸೂಜಿಯದ್ದೋ ಎಂದು ಅದು ಹೇಳುವುದಿಲ್ಲ. ಆ ಪ್ರಶ್ನೆಗಳನ್ನು ಕೇಳದೆ ಸಿಕೆ ನೋಡಿದರೆ ಅಂಕಿ ಸಿಗುತ್ತದೆ, ಅರ್ಥ ಸಿಗುವುದಿಲ್ಲ.

ಮರುದಿನ ಬಂದ ವರದಿ: ಸಿಕೆ 790. ಆ ಪ್ರಯೋಗಾಲಯದಲ್ಲಿ ಹೆಂಗಸರಿಗೆ ಮೇಲಿನ ಮಿತಿ 170. ನಾಲ್ಕೂವರೆ ಪಟ್ಟಿಗಿಂತ ಸ್ವಲ್ಪ ಮೇಲೆ. ಮೂತ್ರಪಿಂಡದ ಕ್ರಿಯಾಟಿನಿನ್ ಸರಿಯಿತ್ತು. ಥೈರಾಯ್ಡ್ ಸರಿಯಿತ್ತು, ಅದು ಮಂದವಾಗಿದ್ದರೂ ಸ್ನಾಯು ನೋಯುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ, ಆದ್ದರಿಂದ ನೋಡದೆ ಬಿಡುವಂತಿಲ್ಲ. ಎಲ್‌ಡಿಎಲ್ 97.

ಆ 97 ನೋಡಿ ಒಂದು ಕ್ಷಣ ಖುಷಿಯಾಯಿತು, ಮರುಕ್ಷಣ ಕಸಿವಿಸಿ. ಪ್ರಮಾಣ ಎರಡು ಪಟ್ಟಾದರೆ 142 ಇದ್ದದ್ದು 130ರ ಹತ್ತಿರ ಬರಬಹುದು, 97ಕ್ಕೆ ಬರುವುದಿಲ್ಲ. 168ರಿಂದ ನೇರ ಲೆಕ್ಕ ಹಾಕಿದರೆ ಮಾತ್ರ ಅದು 40 ಮಿ.ಗ್ರಾಂಗೆ ತಾಳೆಯಾಗುತ್ತದೆ. ಅಂದರೆ ಮೊದಲ ಹನ್ನೆರಡು ವಾರ ಮಾತ್ರೆ ಸರಿಯಾಗಿ ಹೋಗಿಯೇ ಇರಲಿಲ್ಲ. ಮಗಳನ್ನು ಕೇಳಿದಾಗ ಡ್ರಾಯರಿನ ಕತೆ ಹೊರಬಂತು.

ತೀರ್ಮಾನಗಳು

ಸಿಂವಾಸ್ಟ್ಯಾಟಿನ್ ಅವತ್ತೇ ನಿಲ್ಲಿಸಿದೆ. ತೊಂದರೆಯ ಜೊತೆ ಸಿಕೆ ಮಿತಿಯ ನಾಲ್ಕು ಪಟ್ಟು ದಾಟಿದರೆ ಮುಂದುವರಿಸಿ ನೋಡುವ ಪ್ರಶ್ನೆಯಿಲ್ಲ. ಹತ್ತು ಪಟ್ಟು ದಾಟಿದ್ದರೆ, ಅಥವಾ ಮೂತ್ರ ಕಪ್ಪಾಗಿದ್ದರೆ, ಮನೆಗೆ ಕಳಿಸದೆ ಆಸ್ಪತ್ರೆಗೆ ಸೇರಿಸಬೇಕಿತ್ತು. ಸ್ನಾಯು ರಾಶಿಯಾಗಿ ಒಡೆದಾಗ ಅದರೊಳಗಿನ ಮಯೋಗ್ಲೋಬಿನ್ ಮೂತ್ರಕ್ಕೆ ಇಳಿದು ಅದನ್ನು ಕಡುಚಹಾದ ಬಣ್ಣಕ್ಕೆ ತಿರುಗಿಸುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಬಲು ಅಪರೂಪ. ಆದರೆ ಸೆರಿವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ 2001ರಲ್ಲಿ ಮಾರುಕಟ್ಟೆಯಿಂದಲೇ ಹೊರಹೋದದ್ದು ಇದೇ ಕಾರಣಕ್ಕೆ, ಅದೂ ರಕ್ತದ ಕೊಬ್ಬು ಇಳಿಸುವ ಜೆಮ್‌ಫೈಬ್ರೊಜಿಲ್ ಎಂಬ ಇನ್ನೊಂದು ಮಾತ್ರೆಯ ಜೊತೆ ಸೇರಿದಾಗ ಹೆಚ್ಚು. ಅಲ್ಲೂ ಜೋಡಿ ಮಾತ್ರೆಯೇ.

ಒಂದು ವಾರಕ್ಕೆ ಸಿಕೆ 310. ಹತ್ತನೆಯ ದಿನದಿಂದ ಮೆಟ್ಟಿಲು ಹಗುರಾಯಿತು ಎಂದರು. ನಾಲ್ಕನೆಯ ವಾರಕ್ಕೆ ಸಿಕೆ 120, ಕುರ್ಚಿಯಿಂದ ಐದು ಸಲವೂ ಕೈಯೂರದೆ ಎದ್ದರು. ಈ ಇಳಿಕೆಗಾಗಿ ನಾನು ಕಾತರದಿಂದ ಕಾದದ್ದಕ್ಕೆ ಇನ್ನೊಂದು ಕಾರಣವಿತ್ತು. ಲಕ್ಷದಲ್ಲಿ ಒಂದೆರಡು ಮಂದಿಗೆ ಎನ್ನುವಷ್ಟು ವಿರಳವಾಗಿ, ಸ್ಟ್ಯಾಟಿನ್ ನಿಲ್ಲಿಸಿದ ಮೇಲೂ ಬಲ ಕುಂದುತ್ತಲೇ ಹೋಗುತ್ತದೆ, ಸಿಕೆ ಸಾವಿರಗಳಲ್ಲೇ ಉಳಿಯುತ್ತದೆ. ಮೈಯ ರೋಗನಿರೋಧಕ ವ್ಯವಸ್ಥೆಯೇ ಸ್ನಾಯುವಿನ ಮೇಲೆ ತಿರುಗಿಬಿದ್ದ ಸ್ಥಿತಿ ಅದು. ವರ್ಷಗಟ್ಟಲೆ ಮಾತ್ರೆ ನುಂಗಿ ಏನೂ ಆಗದವರಿಗೂ ಬರಬಹುದು. ಅಂಥವರಿಗೆ ಮಾತ್ರೆ ನಿಲ್ಲಿಸಿ ಕಾದರೆ ಸಾಲದು, ಬೇರೆ ಚಿಕಿತ್ಸೆ ಬೇಕು, ಸ್ಟ್ಯಾಟಿನ್ ಮತ್ತೆ ಮುಟ್ಟುವಂತಿಲ್ಲ. ಟೀಚರ್ ವಿಷಯದಲ್ಲಿ ಹಾಗಾಗಲಿಲ್ಲ.

‘ಇನ್ನು ಈ ಜಾತಿ ಮಾತ್ರೆ ಬೇಡ ಡಾಕ್ಟ್ರೇ’ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅವರಿಗೆ ನಡೆದದ್ದನ್ನು ಬಿಡಿಸಿ ಹೇಳಿದೆ: ನಿಮಗೆ ಸ್ಟ್ಯಾಟಿನ್ ಆಗಿಬರುವುದಿಲ್ಲ ಎಂದು ಇದರಿಂದ ಸಾಬೀತಾಗಿಲ್ಲ. ಅಮ್ಲೋಡಿಪಿನ್ ಜೊತೆ ಸಿಂವಾಸ್ಟ್ಯಾಟಿನ್ 40 ಆಗಿಬರಲಿಲ್ಲ, ಅಷ್ಟೇ ಗೊತ್ತಾಗಿದೆ. ಆ ಪ್ರಮಾಣ ಬರೆದದ್ದು ನಾನು. ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಕ್ಕಳ ಪೇಪರ್ ತಿದ್ದುವಾಗ ನಾನೂ ಮೇಲಿನ ಸಾಲು ಬಿಟ್ಟಿದ್ದುಂಟು’ ಎಂದರು. ನಗಬೇಕೋ ತಲೆ ತಗ್ಗಿಸಬೇಕೋ ತಿಳಿಯಲಿಲ್ಲ.

ಆರು ವಾರ ಬಿಡುವು ಕೊಟ್ಟು ರೋಸುವಾಸ್ಟ್ಯಾಟಿನ್ 5 ಮಿ.ಗ್ರಾಂ ಶುರುಮಾಡಿದೆವು, ಬೆಳಗ್ಗೆ, ಉಳಿದ ಎರಡು ಮಾತ್ರೆಗಳ ಜೊತೆ. ಇದನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಅಮ್ಲೋಡಿಪಿನ್ ಜಾಗ ಹಿಡಿಯುವ ಆ ಕಿಣ್ವವನ್ನು ರೋಸುವಾಸ್ಟ್ಯಾಟಿನ್ ಬಹುತೇಕ ಅವಲಂಬಿಸಿಲ್ಲ. ಎರಡನೆಯದಾಗಿ, ಅದರ ಮಟ್ಟ ಅರ್ಧಕ್ಕೆ ಇಳಿಯಲು ಸುಮಾರು 19 ಗಂಟೆ ಬೇಕು. ಬೆಳಗ್ಗೆ ನುಂಗಿದ್ದು ನಡುರಾತ್ರಿಯಲ್ಲೂ ಕಾವಲಿರುತ್ತದೆ. ಅಟೋರ್ವಾಸ್ಟ್ಯಾಟಿನ್ ಕೂಡ ಹೀಗೇ: ಅದು ಸುಮಾರು 14 ಗಂಟೆಗೆ ಅರ್ಧವಾದರೂ, ಒಡೆದ ಮೇಲೆ ಹುಟ್ಟುವ ತುಣುಕುಗಳೂ ಕೆಲಸ ಮಾಡುವುದರಿಂದ ಇಡೀ ದಿನ ಎಳೆಯುತ್ತದೆ. ಈ ಎರಡಕ್ಕೆ ರಾತ್ರಿಯೇ ಆಗಬೇಕು ಎಂಬ ನಿಯಮ ಇಲ್ಲ. ಆ ನಿಯಮ ಸಿಂವಾಸ್ಟ್ಯಾಟಿನ್‌ನಂಥ ಬೇಗ ಕರಗುವ ಮಾತ್ರೆಗಳದ್ದು. ಮೊದಲು ಬಂದದ್ದು ಅವೇ ಆದ್ದರಿಂದ ‘ಕೊಲೆಸ್ಟ್ರಾಲ್ ಮಾತ್ರೆ ರಾತ್ರಿ’ ಎಂಬ ಮಾತು ಎಲ್ಲ ಸ್ಟ್ಯಾಟಿನ್‌ಗಳಿಗೂ ಅಂಟಿಕೊಂಡು ಉಳಿದಿದೆ.

ಟೀಚರ್‌ಗೆ ಇದ್ದ ಇನ್ನೊಂದು ಅನುಮಾನವನ್ನೂ ಬಿಡಿಸಬೇಕಿತ್ತು. ಬೆಳಗ್ಗೆಗೆ ಬದಲಿಸಿದರೂ ನೋವು ಏಕೆ ಹೋಗಲಿಲ್ಲ? ಮಾತ್ರೆ ಕಾಲಿಗೆ ಇಳಿಯುವುದಿಲ್ಲ, ರಕ್ತದ ಜೊತೆ ಎಲ್ಲೆಡೆಗೂ ಹೋಗುತ್ತದೆ. ಸ್ನಾಯುವಿಗೆ ದಿನವಿಡೀ ಒಟ್ಟು ಎಷ್ಟು ಔಷಧ ತಾಗುತ್ತದೆ ಎಂಬುದು ಮುಖ್ಯ. ಹೊತ್ತು ಬದಲಿಸಿದರೆ ಆ ಒಟ್ಟು ಬದಲಾಗದು. ಹೊತ್ತಿನಿಂದ ಬದಲಾಗುವುದು ಸಿಂವಾಸ್ಟ್ಯಾಟಿನ್‌ನ ಲಾಭ ಮಾತ್ರ, ಅದೂ ಕೆಳಮುಖವಾಗಿ. ಸ್ನಾಯು ನೋವಿಗೆ ಹೊತ್ತು ಬದಲಿಸಿ ಕಾಯುವುದು ಹಾಗಾಗಿ ಬರೀ ದಿನ ಕಳೆಯುವ ದಾರಿ. ಟೀಚರ್ ಹತ್ತು ದಿನ ಕಳೆದದ್ದು ಹಾಗೆ.

ಎಂಟು ವಾರಕ್ಕೆ ಎಲ್‌ಡಿಎಲ್ 99, ಸಿಕೆ 130, ತೊಡೆ ಹಗುರ. ಇನ್ನಷ್ಟು ಇಳಿಸುವ ಅಗತ್ಯವಿತ್ತು. ಸ್ಟ್ಯಾಟಿನ್ ಏರಿಸುವ ಬದಲು ಎಜೆಟಿಮೈಬ್ 10 ಮಿ.ಗ್ರಾಂ ಸೇರಿಸಿದೆ. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಡೆಯುತ್ತದೆ, ಅದನ್ನೂ ಯಾವ ಹೊತ್ತಿಗಾದರೂ ನುಂಗಬಹುದು. ಮುಂದಿನ ಪರೀಕ್ಷೆಯಲ್ಲಿ 76. ನಾಲ್ಕೂ ಮಾತ್ರೆ ತಿಂಡಿಯ ಜೊತೆ.

ಎರಡನೆಯ ಫೋನ್

ನಾಲ್ಕು ತಿಂಗಳ ನಂತರ ಮತ್ತೆ ಫೋನ್. ಬಲಭುಜ ಮತ್ತು ಕುತ್ತಿಗೆ ಹಿಡಿದಿದೆ, ಮಾತ್ರೆ ನಿಲ್ಲಿಸಿ ಮೂರು ದಿನವಾಯಿತು, ಈ ಸಲ ಕಾಯದೆ ತಿಳಿಸುತ್ತಿದ್ದೇನೆ ಎಂದರು. ತಿಳಿಸಿದ್ದು ಒಳ್ಳೆಯದೇ. ಆದರೆ ಕೇಳುತ್ತ ಹೋದಂತೆ ಚಿತ್ರ ಬೇರೆಯಾಗಿತ್ತು. ಒಂದೇ ಬದಿ. ಕತ್ತು ತಿರುಗಿಸಿದರೆ ಚಳಕು, ಸುಮ್ಮನಿದ್ದರೆ ಇಲ್ಲ. ನೋವು ಶುರುವಾಗುವ ಎರಡು ದಿನ ಮುಂಚೆ ಪುಸ್ತಕದ ಪೆಟ್ಟಿಗೆಗಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಿದ್ದರು. ಮಾತ್ರೆಯಲ್ಲಿ ಯಾವ ಬದಲಾವಣೆಯೂ ಇಲ್ಲ, ಹೊಸ ಔಷಧ ಇಲ್ಲ. ಕುರ್ಚಿಯಿಂದ ಏಳಲು ತೊಂದರೆಯೇ ಇಲ್ಲ. ಫೋನ್ ಹಿಡಿದುಕೊಂಡೇ ಐದು ಸಲ ಎದ್ದು ಕೂತು ತೋರಿಸಿದಂತೆ ಎಣಿಸಿದರು.

ಸಿಕೆ ಮಾಡಿಸೋಣವೇ ಎಂದು ಮಗಳು ಕೇಳಿದರು. ಬೇಡ ಎಂದೆ. ಪೆಟ್ಟಿಗೆ ಹೊತ್ತ ಮರುದಿನಗಳಲ್ಲಿ ಸಿಕೆ ತಾನಾಗಿಯೇ ಏರಿರುತ್ತದೆ. ಏರಿದ ಆ ಅಂಕಿ ನೋಡಿ ತಾಯಿ, ಮಗಳು, ನಾನು ಮೂವರೂ ಬೆದರಿ ಒಳ್ಳೆಯ ಮಾತ್ರೆಯೊಂದನ್ನು ಕೈಬಿಡುತ್ತಿದ್ದೆವು. ಮಾತ್ರೆ ಇವತ್ತೇ ಮತ್ತೆ ಶುರುಮಾಡಿ, ಒಂದು ವಾರದಲ್ಲಿ ಕುತ್ತಿಗೆ ಬಿಡದಿದ್ದರೆ, ಇನ್ನೊಂದು ಬದಿಗೂ ಬಂದರೆ, ಬಲ ಕುಂದಿದರೆ ಬನ್ನಿ ಎಂದೆ. ಐದನೆಯ ದಿನಕ್ಕೆ ನೋವು ಹೋಯಿತು, ಮಾತ್ರೆ ನಡೆಯುತ್ತಲೇ ಇತ್ತು. ಹಾಗೆ ಹೋದದ್ದೇ ನಮಗೆ ಪರೀಕ್ಷೆಯಾಯಿತು.

ಈಗ ನಾನು ಕೇಳುವ ರೀತಿ

ಈ ಪ್ರಕರಣದ ನಂತರ ಸ್ಟ್ಯಾಟಿನ್ ಬರೆಯುವ ಮುಂಚೆ ಒಂದು ಪ್ರಶ್ನೆ ಸೇರಿದೆ: ನೀವು ಎಂದೂ ತಪ್ಪಿಸದ ಕೆಲಸ ದಿನದ ಯಾವ ಹೊತ್ತಿನಲ್ಲಿದೆ? ರೋಸುವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್ ಆದರೆ ಆ ಹೊತ್ತೇ ಮಾತ್ರೆಯ ಹೊತ್ತು. ಸಿಂವಾಸ್ಟ್ಯಾಟಿನ್ ಆಗಿ, ಆ ಹೊತ್ತು ಬೆಳಗಿನದ್ದಾದರೆ, ಹೊತ್ತನ್ನು ಬಗ್ಗಿಸುವ ಬದಲು ಮಾತ್ರೆಯನ್ನೇ ಬದಲಿಸುತ್ತೇನೆ. ‘ದಿನಾ ತಗೊಳ್ತೀರಲ್ವಾ’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ‘ಹೋದ ವಾರ ಎಷ್ಟು ದಿನ ತಪ್ಪಿತು?’ ಎಂದರೆ ಜನ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ.

ಸ್ನಾಯುವಿನ ವಿಷಯದಲ್ಲಿ ‘ನೋವು ಬಂದರೆ ತಿಳಿಸಿ’ ಎಂಬುದು ಏನೂ ಹೇಳದಂತೆಯೇ. ಅಂಜುವವರು ಪ್ರತಿ ಸೆಳೆತಕ್ಕೂ ಫೋನ್ ಮಾಡುತ್ತಾರೆ, ಟೀಚರ್‌ನಂಥವರು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಹಾಗಾಗಿ ಈಗ ಹೇಳುವುದು ಹೀಗೆ. ಮೂತ್ರ ಕಡುಚಹಾದಂತೆ ಕಪ್ಪಾದರೆ, ಅಥವಾ ಸ್ನಾಯುಗಳು ತಡೆಯಲಾಗದಷ್ಟು ನೋಯುತ್ತ ಬಲ ಬಿಟ್ಟರೆ, ಮಾತ್ರೆ ನಿಲ್ಲಿಸಿ ಅದೇ ದಿನ ಬನ್ನಿ, ರಾತ್ರಿಯಾದರೂ ಸರಿ. ಎರಡೂ ತೊಡೆ, ಎರಡೂ ಭುಜ, ಸೊಂಟ, ಮೀನಖಂಡಗಳಲ್ಲಿ ಕಾರಣ ತಿಳಿಯದ ಹೊಸ ನೋವು ಬಂದು ಕೆಲವು ದಿನ ಹೋಗದಿದ್ದರೆ, ಅದರಲ್ಲೂ ಮಾತ್ರೆ ಶುರುವಾಗಿ, ಪ್ರಮಾಣ ಏರಿ, ಅಥವಾ ಬೇರೊಂದು ಔಷಧ ಸೇರಿ ಕೆಲವೇ ವಾರವಾಗಿದ್ದರೆ, ಆ ವಾರದೊಳಗೆ ತಿಳಿಸಿ. ಕುರ್ಚಿಯಿಂದ ಏಳುವುದು, ಮೆಟ್ಟಿಲು, ತಲೆ ಬಾಚಲು ಕೈ ಎತ್ತುವುದು ಕಷ್ಟವಾದರೆ ನೋವು ಇರಲಿ ಇಲ್ಲದಿರಲಿ ತಿಳಿಸಿ. ಅದಕ್ಕೆ ಅವಧಿಯ ಮಿತಿಯೇ ಇಲ್ಲ, ಐದು ವರ್ಷದ ಮೇಲೆ ಬಂದರೂ ಸರಿ. ರಾತ್ರಿ ಮೀನಖಂಡ ಒಂದು ನಿಮಿಷ ಹಿಡಿದು ಬಿಡುವುದು, ಮಂಡಿಯ ಕೀಲುನೋವು, ಬೆರಳ ಜೋಮು ಇವನ್ನು ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಅವುಗಳ ಬೇರು ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ, ಅವುಗಳಿಗಾಗಿ ಮಾತ್ರೆ ನಿಲ್ಲಿಸಬೇಡಿ.

ಕಳೆದ ತಿಂಗಳು ಟೀಚರ್ ಮೂರನೆಯ ಸಲ ಫೋನ್ ಮಾಡಿದ್ದರು. ನೋವಿನ ಸುದ್ದಿಯೇ ಅಲ್ಲ. ಬೇರೊಂದು ಕಡೆ ಸೋಂಕಿಗೆ ಕ್ಲಾರಿತ್ರೋಮೈಸಿನ್ ಬರೆದುಕೊಟ್ಟಿದ್ದಾರೆ, ನುಂಗುವ ಮುಂಚೆ ಕೇಳುತ್ತಿದ್ದೇನೆ ಎಂದರು. ಸಿಂವಾಸ್ಟ್ಯಾಟಿನ್ ಇದ್ದಿದ್ದರೆ ಈ ಜೋಡಿ ಪೂರಾ ನಿಷಿದ್ಧ. ರೋಸುವಾಸ್ಟ್ಯಾಟಿನ್ ಜೊತೆ ಅಂಥ ತೊಡಕಿಲ್ಲ, ನುಂಗಿ ಎನ್ನಲು ಬಾಯಿ ತೆರೆದವನು ತಡೆದು ಅವರ ಚೀಟಿಯ ಮೇಲಿನ ಸಾಲು ಓದಿದೆ. ಅಮ್ಲೋಡಿಪಿನ್. ಕ್ಲಾರಿತ್ರೋಮೈಸಿನ್ ಅದನ್ನೂ ಕರಗಲು ಬಿಡುವುದಿಲ್ಲ, ರಕ್ತದೊತ್ತಡ ತೀರಾ ಕುಸಿಯಬಹುದು. ಬರೆದವರಿಗೆ ಫೋನ್ ಮಾಡಿ ಬೇರೆ ಆಂಟಿಬಯಾಟಿಕ್ ಬರೆಸಿಕೊಂಡೆವು.